ತೆರೆದ ಲ್ಯಾಪ್‌ಟಾಪ್‌ನ ಫೋಟೋ ನೋಡಿ ಬಿಡಿಭಾಗ ಗುರುತಿಸುವುದು: ಟಿ480ರ ಕೆಲಸದ ದಾಖಲೆ

ಯಂತ್ರ: ಥಿಂಕ್‌ಪ್ಯಾಡ್ ಟಿ480, 2018ರ ಮಾಡೆಲ್, ಇಂಟೆಲ್ ಎಂಟನೇ ತಲೆಮಾರಿನ ಐ5. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಒಳಗೆ 8 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್.

ಕೆಲಸ: ರ‍್ಯಾಮ್ 16 ಜಿಬಿಗೆ ಏರಿಸುವುದು, ಹಳೆಯ ಹಾರ್ಡ್ ಡಿಸ್ಕ್ ಹಾಗೇ ಉಳಿಸಿಕೊಂಡು ಒಂದು ಎಸ್‌ಎಸ್‌ಡಿ ಸೇರಿಸುವುದು. ಮಾಲೀಕರು ಇರುವುದು ಬೇರೆ ಊರಿನಲ್ಲಿ. ಅವರು ತಳದ ಮುಚ್ಚಳ ಬಿಚ್ಚಿ ಫೋಟೋ ಕಳಿಸಬೇಕು, ಅದನ್ನು ನೋಡಿ ಯಾವ ಭಾಗ ಕೊಳ್ಳಬೇಕೆಂದು ಇಲ್ಲಿಂದ ಹೇಳಬೇಕು. ಅಷ್ಟರಲ್ಲೇ ಅವರು ಒಂದು ಎಸ್‌ಎಸ್‌ಡಿ ಕೊಂಡು ಹಾಕಿಯೂ ನೋಡಿದ್ದರು. ಸ್ಲಾಟ್‌ಗೆ ಸಲೀಸಾಗಿ ಕೂತಿತ್ತು, ಸ್ಕ್ರೂ ಕೂಡ ಹಿಡಿದಿತ್ತು, ಕಂಪ್ಯೂಟರ್ ಮಾತ್ರ ಅದನ್ನು ಕಾಣುತ್ತಲೇ ಇರಲಿಲ್ಲ. ಅದು ಯಾಕೆ ಹಾಗಾಯಿತು ಎಂಬುದು ಹಂತ 6ರಲ್ಲಿದೆ.

ಹಂತ 1: ಮುಚ್ಚಳ ತೆಗೆಯುವ ಮುಂಚೆ

ಟಿ480ಕ್ಕೆ ಎರಡು ಬ್ಯಾಟರಿ. ಹಿಂಬದಿಯದು ಚಿಲಕ ಸರಿಸಿದರೆ ಕೈಗೆ ಬರುತ್ತದೆ. ಇನ್ನೊಂದು ಒಳಗೇ ಇರುತ್ತದೆ. ಹಿಂದಿನ ಬ್ಯಾಟರಿ ತೆಗೆದೆವು, ಇನ್ನು ಕರೆಂಟ್ ಇಲ್ಲ ಎಂದುಕೊಂಡು ರ‍್ಯಾಮ್‌ಗೆ ಕೈಹಾಕುವವರು ಬಹಳ. ಒಳಗಿನ ಬ್ಯಾಟರಿಯಿಂದ ಬೋರ್ಡ್‌ಗೆ ಕರೆಂಟ್ ಹರಿಯುತ್ತಲೇ ಇರುತ್ತದೆ.

ಆದ್ದರಿಂದ ಮೊದಲು ಚಾರ್ಜರ್ ಕಿತ್ತು, ಯಂತ್ರ ಆನ್ ಮಾಡುವಾಗ F1 ಒತ್ತಿ ಬಯೋಸ್‌ಗೆ ಹೋಗಬೇಕು. ಅಲ್ಲಿ `Config`, ಅದರೊಳಗೆ `Power`, ಅದರೊಳಗೆ `Disable Built-in Battery`. ಒಪ್ಪಿಗೆ ಕೊಟ್ಟ ಕೂಡಲೇ ಯಂತ್ರ ಆಫ್ ಆಗುತ್ತದೆ. ಆಮೇಲೆ ಹಿಂದಿನ ಬ್ಯಾಟರಿ ತೆಗೆದು ಮುಚ್ಚಳದ ಸ್ಕ್ರೂ ಸಡಿಲಿಸುವುದು.

ಉಪಕರಣ ಹೆಚ್ಚೇನೂ ಬೇಡ. ಪಿಎಚ್0 ಅಳತೆಯ ನಕ್ಷತ್ರ ತುದಿಯ ಸ್ಕ್ರೂಡ್ರೈವರ್ ಒಂದು, ಕೆಲಸಕ್ಕೆ ಬಾರದ ಪ್ಲಾಸ್ಟಿಕ್ ಕಾರ್ಡ್ ಒಂದು. ಮುಚ್ಚಳದ ಸ್ಕ್ರೂಗಳು ಸಡಿಲವಾದರೂ ಪೂರ್ತಿ ಈಚೆ ಬರುವುದಿಲ್ಲ. ಮುಚ್ಚಳದಲ್ಲೇ ಉಳಿಯುವಂತೆ ಮಾಡಿದ್ದಾರೆ, ಅವನ್ನು ಇಕ್ಕಳ ಹಾಕಿ ಎಳೆಯಬಾರದು. ಸ್ಕ್ರೂ ಬಿಟ್ಟ ಮೇಲೂ ಅಂಚಿನುದ್ದಕ್ಕೂ ಪ್ಲಾಸ್ಟಿಕ್ ಕ್ಲಿಪ್‌ಗಳು ಹಿಡಿದಿರುತ್ತವೆ. ಕಾರ್ಡನ್ನು ಸಂದಿಗೆ ತೂರಿಸಿ ಸ್ವಲ್ಪ ಸ್ವಲ್ಪವೇ ಸರಿಸುತ್ತ ಹೋದರೆ ಟಪ್ ಟಪ್ ಎಂದು ಬಿಡುತ್ತವೆ. ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಅಂಚು ತಿನ್ನುತ್ತದೆ.

ಹಂತ 2: ಉಪಯೋಗಕ್ಕೆ ಬರುವ ಫೋಟೋ

ಮೊದಲು ಬಂದ ಫೋಟೋದಿಂದ ಏನೂ ಹೇಳಲಾಗಲಿಲ್ಲ. ಓರೆಯಾಗಿ ನಿಂತು, ಹತ್ತಿರದಿಂದ, ಫ್ಲ್ಯಾಶ್ ಹಾಕಿ ತೆಗೆದದ್ದು. ಫ್ಲ್ಯಾಶ್ ಬೆಳಕು ರ‍್ಯಾಮ್‌ನ ಚೀಟಿ ಮೇಲೆ ಬಿದ್ದು ಅಕ್ಷರಗಳೆಲ್ಲ ಬಿಳಿಚಿಹೋಗಿದ್ದವು. ಓರೆ ಕೋನದಿಂದಾಗಿ ಹತ್ತಿರದ ತುದಿ ದೊಡ್ಡದು, ದೂರದ ತುದಿ ಚಿಕ್ಕದು. ಅಂಥ ಫೋಟೋದಲ್ಲಿ ಅಳತೆ ನಂಬುವಂತಿಲ್ಲ.

ಎರಡನೇ ಸಲಕ್ಕೆ ಹೀಗೆ ಹೇಳಿದ್ದು. ಫೋನನ್ನು ಅರ್ಧ ಮೀಟರ್ ಮೇಲೆ ಸಮತಟ್ಟಾಗಿ ಹಿಡಿದು 2 ಪಟ್ಟು ಜೂಮ್ ಮಾಡಿ. ದೂರದಿಂದ ಜೂಮ್ ಮಾಡಿದರೆ ಆಕಾರ ತಿರುಚುವುದು ಕಡಿಮೆ. ಫ್ಲ್ಯಾಶ್ ಬೇಡ, ಕಿಟಕಿಯ ಪಕ್ಕದ ಬೆಳಕು ಸಾಕು. ಒಳಗಿನ ಬ್ಯಾಟರಿಯ ಮೇಲೆ ಒಂದು ಹಳೆಯ ಎಟಿಎಂ ಕಾರ್ಡ್ ಇಡಿ. ಎಟಿಎಂ ಕಾರ್ಡ್‌ಗಳೆಲ್ಲ 85.6 ಮಿಮೀ ಉದ್ದ, 54 ಮಿಮೀ ಅಗಲ, ಹಾಗಾಗಿ ಅಳತೆಗೋಲಿನ ಕೆಲಸ ಮಾಡುತ್ತದೆ. (ಕಾರ್ಡ್ ಸಂಖ್ಯೆ ಇರುವ ಮುಖ ಕೆಳಗಿರಲಿ, ಇಂಥ ಫೋಟೋಗಳು ಎಲ್ಲೆಲ್ಲಿಗೋ ಹೋಗುತ್ತವೆ.) ನಾಣ್ಯ ಇಟ್ಟರೂ ಅಳತೆ ಸಿಗುತ್ತದೆ, ಆದರೆ ಅದು ಲೋಹ, ಬೋರ್ಡ್ ಮೇಲೆ ಉರುಳಿದರೆ ಕಷ್ಟ.

ಇಡೀ ಒಳಭಾಗದ ಫೋಟೋ ಒಂದು, ಆಮೇಲೆ ಚೀಟಿ ಇರುವ ಪ್ರತಿಯೊಂದು ಭಾಗದ ಹತ್ತಿರದ ಫೋಟೋ, ಖಾಲಿ ಸ್ಲಾಟ್ ಕಂಡರೆ ಅದರ ಬಾಯಿಯ ಫೋಟೋ. ಇಷ್ಟು ಬಂದ ಮೇಲೆ ಕೆಲಸ ಶುರು. ವಾಟ್ಸ್ಯಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಫೋಟೋ ಕುಗ್ಗಿ ಸಣ್ಣ ಅಕ್ಷರ ಕದಡಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಬರುತ್ತದೆ.

ಹಂತ 3: ಮೊದಲು ದಿಕ್ಕು, ಆಮೇಲೆ ಭಾಗ

ಫೋಟೋ ಯಾವ ಕಡೆಯಿಂದ ತೆಗೆದದ್ದೆಂದು ಗೊತ್ತಾಗದೆ "ಎಡಗಡೆಯದು", "ಬಲಗಡೆಯದು" ಎಂದು ಮಾತಾಡಿದರೆ ಇಬ್ಬರಿಗೂ ಗೊಂದಲ. ಲ್ಯಾಪ್‌ಟಾಪ್ ಬೋರಲಾಗಿರುವುದರಿಂದ ಎಡ ಬಲ ಅದಲು ಬದಲಾಗಿರುತ್ತವೆ ಬೇರೆ. ಆದ್ದರಿಂದ ಕೀಲಿನ ಅಂಚು, ಅಂಗೈ ಊರುವ ಅಂಚು ಎಂದು ಕರೆಯುವುದು ವಾಸಿ.

ಕೀಲಿನ ಅಂಚು ಹುಡುಕುವುದು ಸುಲಭ. ಪರದೆ ಹಿಡಿಯುವ ಎರಡು ದಪ್ಪ ಲೋಹದ ಕೀಲುಗಳು, ಟಿ480ರಲ್ಲಾದರೆ ಹಿಂದಿನ ಬ್ಯಾಟರಿಯ ಖಾಲಿ ಜಾಗ, ಎಲ್ಲ ಆ ಕಡೆಗೇ. ಅಂಗೈ ಅಂಚಿನ ಕಡೆ ಕಪ್ಪು ಹೊದಿಕೆಯ ಅಗಲವಾದ ಒಳ ಬ್ಯಾಟರಿ, ಅದರ ಪಕ್ಕದ ಮೂಲೆಯಲ್ಲಿ ಡಿಸ್ಕ್.

ಫ್ಯಾನ್ ಮತ್ತು ತಾಮ್ರದ ಕೊಳವೆ ಕಣ್ಣಿಗೆ ಬೇಗ ಬೀಳುತ್ತವೆ. ಕೊಳವೆಯ ಒಂದು ತುದಿ ಫ್ಯಾನ್ ಪಕ್ಕದ ಸಣ್ಣ ಸಣ್ಣ ರೆಕ್ಕೆಗಳಿಗೆ, ಇನ್ನೊಂದು ತುದಿ ಪ್ರೊಸೆಸರ್ ಮೇಲಿನ ತಟ್ಟೆಗೆ. ಆ ತಟ್ಟೆಯ ಅಡಿಯಲ್ಲಿರುವ ಪ್ರೊಸೆಸರ್ ಬೋರ್ಡ್‌ಗೆ ಬೆಸೆದದ್ದು, ಬದಲಿಸುವ ವಸ್ತುವಲ್ಲ. ಎರಡು ವೈರಿನ, ಪ್ಲಾಸ್ಟಿಕ್ ಸುತ್ತಿದ ದುಂಡು ಬಿಲ್ಲೆ ಕಂಡರೆ ಅದು ಗಡಿಯಾರ ನಡೆಸುವ ಸಿಎಂಒಎಸ್ ಬ್ಯಾಟರಿ. ಅದನ್ನು ಸ್ಪೀಕರ್ ಎಂದುಕೊಂಡವರನ್ನು ನೋಡಿದ್ದುಂಟು.

ಹಂತ 4: ರ‍್ಯಾಮ್

ಲ್ಯಾಪ್‌ಟಾಪ್ ರ‍್ಯಾಮ್ ಕಡ್ಡಿ ಸುಮಾರು 70 ಮಿಮೀ ಉದ್ದ, 30 ಮಿಮೀ ಅಗಲ. ಅಂದರೆ ಎಟಿಎಂ ಕಾರ್ಡ್‌ಗಿಂತ ಉದ್ದದಲ್ಲಿ ಸ್ವಲ್ಪ ಕಡಿಮೆ, ಅಗಲದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು. ಎರಡು ಕುಳ್ಳ ಬದಿಗಳನ್ನು ಲೋಹದ ತೋಳುಗಳು ಹಿಡಿದಿರುತ್ತವೆ. ಬೇರೆ ಯಾವ ಭಾಗಕ್ಕೂ ಈ ಜೋಡಿ ತೋಳು ಇಲ್ಲದ ಕಾರಣ ಚೀಟಿ ಓದಲಾಗದಿದ್ದರೂ ರ‍್ಯಾಮ್ ಎಂದು ಖಂಡಿತ ಹೇಳಬಹುದು.

ಖಾಲಿ ರ‍್ಯಾಮ್ ಸ್ಲಾಟ್ ಗುರುತಿಸುವುದೂ ಈ ತೋಳುಗಳಿಂದಲೇ. ಒಂದು ಉದ್ದನೆಯ ಪ್ಲಾಸ್ಟಿಕ್ ಪಟ್ಟಿ, ಅದರೊಳಗೆ ಸಾಲು ಪಿನ್, ಎರಡು ತುದಿಯಿಂದ ಮುಂದಕ್ಕೆ ಚಾಚಿದ ತೋಳು. ಈ ಯಂತ್ರದಲ್ಲಿ ಒಂದು ಸ್ಲಾಟ್ ತುಂಬಿತ್ತು, ಒಂದು ಖಾಲಿ. ಕೆಲವು ಮಾಡೆಲ್‌ಗಳಲ್ಲಿ ಎರಡು ಸ್ಲಾಟ್ ಒಂದರ ಮೇಲೊಂದು ಇರುತ್ತವೆ, ಮೇಲಿನ ಕಡ್ಡಿ ಕೆಳಗಿನದನ್ನು ಮುಚ್ಚಿಬಿಡುತ್ತದೆ. ಅಲ್ಲಿ ಫೋಟೋದಲ್ಲಿ ಒಂದೇ ಕಂಡಿತೆಂದು ಒಂದೇ ಇದೆ ಎನ್ನಬಾರದು, ಪಕ್ಕದಿಂದ ಇನ್ನೊಂದು ಫೋಟೋ ಕೇಳಬೇಕು.

ಹೆಸರಿನ ಕೊನೆಯ ಒಂದಕ್ಷರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಟಿ480ರಲ್ಲಿ ಎರಡು ಸ್ಲಾಟ್. ಟಿ480ಎಸ್ ಎಂಬ ತೆಳು ಮಾಡೆಲ್‌ನಲ್ಲಿ ಸ್ಲಾಟ್ ಒಂದೇ, ಉಳಿದ ರ‍್ಯಾಮ್ ಬೋರ್ಡ್‌ಗೆ ಬೆಸೆದಿರುತ್ತದೆ. ಬೆಸೆದ ರ‍್ಯಾಮ್ ಫೋಟೋದಲ್ಲಿ ಕಡ್ಡಿಯಂತೆ ಕಾಣುವುದಿಲ್ಲ. ಪ್ರೊಸೆಸರ್ ಹತ್ತಿರ ಒಂದೇ ಅಳತೆಯ ಕಪ್ಪು ಚಿಪ್‌ಗಳು ಸಾಲಾಗಿ ಇರುತ್ತವೆ, ಕೆಲವು ಸಲ ಅವುಗಳ ಮೇಲೆ ತಗಡಿನ ಮುಚ್ಚಳ.

ಇನ್ನು ಕಡ್ಡಿಯ ಚೀಟಿ. ಹತ್ತಿರದ ಫೋಟೋದಲ್ಲಿ ಇದ್ದದ್ದು ಇಷ್ಟು:

```
8GB 1Rx8 PC4-2400T-SA1-11
```

8 ಜಿಬಿ ಎಂಬುದು ಗಾತ್ರ. ಪಿಸಿ4 ಎಂದರೆ ಡಿಡಿಆರ್4. ಇಲ್ಲಿ ಪಿಸಿ3 ಇದ್ದರೆ ಡಿಡಿಆರ್3, ಅದು ಈ ಸ್ಲಾಟ್‌ಗೆ ಹೋಗುವುದೇ ಇಲ್ಲ. 2400 ವೇಗ. ನಡುವಿನ 1ಆರ್‌ಎಕ್ಸ್8 ಚಿಪ್‌ಗಳ ಜೋಡಣೆ ಹೇಳುತ್ತದೆ: ಪ್ರತಿ ಚಿಪ್ 8 ಬಿಟ್, 64 ಬಿಟ್‌ಗೆ ಎಂಟು ಚಿಪ್, ಅಂಥ ಒಂದು ತಂಡ. ಎಸ್ ಎಂಬ ಅಕ್ಷರ ಲ್ಯಾಪ್‌ಟಾಪ್ ಅಳತೆಯ ಕಡ್ಡಿ ಎನ್ನುವುದಕ್ಕೆ.

ಇಷ್ಟರಲ್ಲಿ ಕೊಳ್ಳುವವರಿಗೆ ಬೇಕಾದದ್ದು ಎರಡೇ, ಪಿಸಿ4 ಮತ್ತು ಗಾತ್ರ. 2666ರ ಕಡ್ಡಿ ಸಿಕ್ಕರೂ ತೊಂದರೆಯಿಲ್ಲ, ಈ ಯಂತ್ರದಲ್ಲಿ ಅದು 2400ಕ್ಕೆ ಇಳಿದು ಓಡುತ್ತದೆ. ಅದೇ ಕಂಪನಿಯ ಕಡ್ಡಿಯೇ ಬೇಕೆಂದು ಹುಡುಕುವುದು ವ್ಯರ್ಥ ಓಡಾಟ.

ಚೀಟಿಯೇ ಹರಿದುಹೋಗಿದ್ದರೆ? ಆಗ ಕಚ್ಚು ನೋಡಬೇಕು. ಕಡ್ಡಿಯನ್ನು ಈಚೆ ತೆಗೆದು ಚಿನ್ನದ ಬಣ್ಣದ ಅಂಚಿನ ಫೋಟೋ ತೆಗೆದರೆ, ಡಿಡಿಆರ್4ರದ್ದು 260 ಪಿನ್, ಡಿಡಿಆರ್3ರದ್ದು 204, ಕಚ್ಚಿನ ಜಾಗವೂ ಬೇರೆ ಬೇರೆ. ಉದ್ದದಿಂದ ಹೇಳಹೊರಟರೆ ಎಡವುತ್ತೇವೆ: ಡಿಡಿಆರ್4 69.6 ಮಿಮೀ, ಡಿಡಿಆರ್3 67.6 ಮಿಮೀ, ವ್ಯತ್ಯಾಸ 2 ಮಿಮೀ ಮಾತ್ರ. ಫೋಟೋ ಸ್ವಲ್ಪ ಓರೆಯಾದರೂ ಅಷ್ಟು ತಪ್ಪು ಆಗಿಯೇ ಆಗುತ್ತದೆ. ಗೊತ್ತಿರುವ ಹಳೆಯ ಕಡ್ಡಿಯನ್ನು ಪಕ್ಕದಲ್ಲಿಟ್ಟು ಕಚ್ಚು ಹೋಲಿಸುವುದೇ ನಂಬಿಕೆಯ ದಾರಿ.

ಹಂತ 5: ಡಿಸ್ಕ್

ಅಂಗೈ ಅಂಚಿನ ಮೂಲೆಯ ಚೌಕಟ್ಟಿನಲ್ಲಿದ್ದದ್ದು 2.5 ಇಂಚಿನ ಡಿಸ್ಕ್. ಅಳತೆ 100 ಮಿಮೀ ಉದ್ದ, 70 ಮಿಮೀ ಅಗಲ. ಆದರೆ ಹಾರ್ಡ್ ಡಿಸ್ಕ್‌ಗೂ ಸಾಟಾ ಎಂಬ ಸಂಪರ್ಕದ ಎಸ್‌ಎಸ್‌ಡಿಗೂ ಹೊರ ಅಳತೆ ಒಂದೇ, ಕನೆಕ್ಟರ್ ಕೂಡ ಒಂದೇ. ದೊಡ್ಡ ಪೆಟ್ಟಿಗೆ ಕಂಡ ಮಾತ್ರಕ್ಕೆ ಹಾರ್ಡ್ ಡಿಸ್ಕ್ ಎನ್ನಲಾಗದು.

ಬೇರೆ ಮಾಡುವ ಗುರುತುಗಳು ಮೇಲ್ಮೈಯಲ್ಲಿವೆ. ಹಾರ್ಡ್ ಡಿಸ್ಕ್ ಎರಕದ ಲೋಹದ್ದು, ಮುಚ್ಚಳದ ಸುತ್ತ ಸಣ್ಣ ಸ್ಕ್ರೂಗಳು, ತಟ್ಟೆ ತಿರುಗುವ ಜಾಗದಲ್ಲಿ ದುಂಡು ಗುರುತು, ಎಷ್ಟೋ ಡಿಸ್ಕ್‌ಗಳಲ್ಲಿ ಈ ರಂಧ್ರ ಮುಚ್ಚಬೇಡಿ ಎಂಬ ಬರಹದ ಪಕ್ಕ ಒಂದು ಸೂಜಿಗಾತ್ರದ ತೂತು. ಬೋರಲು ಹಾಕಿದ್ದರೆ ಬೋರ್ಡ್, ಮೋಟಾರಿನ ದುಂಡು ತಳ ಕಾಣುತ್ತವೆ. ಎಸ್‌ಎಸ್‌ಡಿ ಬರೀ ನುಣುಪಾದ ಪೆಟ್ಟಿಗೆ. ಚೀಟಿಯಲ್ಲಿ 5400 ಅಥವಾ 7200 ಆರ್‌ಪಿಎಂ ಎಂದಿದ್ದರೆ ಚರ್ಚೆಯೇ ಇಲ್ಲ, ಅದು ತಿರುಗುವ ಡಿಸ್ಕ್. ಇಲ್ಲಿ ಹಾಗೇ ಇತ್ತು.

ಮೇಲಿನಿಂದ ತೆಗೆದ ಫೋಟೋದಲ್ಲಿ ದಪ್ಪ ಗೊತ್ತಾಗುವುದಿಲ್ಲ. 2.5 ಇಂಚಿನ ಡಿಸ್ಕ್‌ಗಳು ಹೆಚ್ಚಾಗಿ 7 ಮಿಮೀ, 9.5 ಮಿಮೀ ದಪ್ಪದಲ್ಲಿ ಸಿಗುತ್ತವೆ. ಟಿ480ರಲ್ಲಿ 7 ಮಿಮೀಗೆ ಮಾತ್ರ ಜಾಗ. ಹಳೆಯ ಲ್ಯಾಪ್‌ಟಾಪ್‌ನಿಂದ ತೆಗೆದ ದಪ್ಪ ಡಿಸ್ಕ್ ಹಾಕಹೊರಟರೆ ಮುಚ್ಚಳ ಉಬ್ಬಿ ನಿಲ್ಲುತ್ತದೆ.

ಹಂತ 6: ಖಾಲಿ ಸ್ಲಾಟ್ ಯಾವುದು?

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಇಲ್ಲಿ. ಫೋಟೋದಲ್ಲಿ ರ‍್ಯಾಮ್ ಬಿಟ್ಟು ಇನ್ನೆರಡು ಸಣ್ಣ ಸ್ಲಾಟ್‌ಗಳಿದ್ದವು. ಎರಡೂ ತೆಳು ಕಾರ್ಡ್ ಹಿಡಿಯುವ ಎಂ.2 ಎಂಬ ಜಾತಿಯವು, ಎರಡರ ಅಗಲವೂ 22 ಮಿಮೀ.

ಒಂದರಲ್ಲಿ ಕಾರ್ಡ್ ಇತ್ತು. ಅದು ಕುಳ್ಳ, 30 ಮಿಮೀ ಉದ್ದ, ಅದರ ಮೇಲೆ ಎರಡು ಸಣ್ಣ ದುಂಡು ಕನೆಕ್ಟರ್‌ಗೆ ಒಂದು ಕಪ್ಪು, ಒಂದು ಬೂದು ವೈರು ಒತ್ತಿ ಕೂರಿಸಿತ್ತು. ಆ ವೈರುಗಳು ಪರದೆಯ ಸುತ್ತಲಿನ ಆಂಟೆನಾಕ್ಕೆ ಹೋಗುತ್ತವೆ. ಆಂಟೆನಾ ವೈರು ಸಿಕ್ಕಿಸಿದ ಸಣ್ಣ ಕಾರ್ಡ್ ಅಂದರೆ ರೇಡಿಯೋ ಕೆಲಸದ್ದು, ಇಲ್ಲಿ ವೈಫೈ. ಈ ಸ್ಲಾಟ್‌ಗೆ ಎಸ್‌ಎಸ್‌ಡಿ ಹೋಗುವುದಿಲ್ಲ, ಒಳಗಿನ ತಡೆಯೇ ಬೇರೆ ಜಾಗದಲ್ಲಿದೆ.

ಇನ್ನೊಂದು ಖಾಲಿ. ಒಂದು ಸಣ್ಣ ಸಾಕೆಟ್, ಅದರಿಂದ ದೂರದಲ್ಲಿ ಸ್ಕ್ರೂ ಹಿಡಿಯುವ ಗುಬುಟು. ಇದರ ಉದ್ದ ಎಷ್ಟೆಂದು ಫೋಟೋದಿಂದಲೇ ಲೆಕ್ಕ ಹಾಕಿದ್ದು ಹೀಗೆ.

ಫೋಟೋವನ್ನು ಚಿತ್ರ ತಿದ್ದುವ ಯಾವುದಾದರೂ ಪ್ರೋಗ್ರಾಂನಲ್ಲಿ ತೆರೆದು ಎಟಿಎಂ ಕಾರ್ಡ್‌ನ ಉದ್ದ ಅಳೆದರೆ 1,070 ಪಿಕ್ಸೆಲ್. ಅದನ್ನು 85.6ರಿಂದ ಭಾಗಿಸಿದರೆ ಮಿಮೀಗೆ 12.5 ಪಿಕ್ಸೆಲ್. ಸರಿಯಿದೆಯೇ ಎಂದು ನೋಡಲು ರ‍್ಯಾಮ್ ಕಡ್ಡಿ ಅಳೆದಾಗ 870 ಪಿಕ್ಸೆಲ್, ಅಂದರೆ 69.6 ಮಿಮೀ. ತಾಳೆಯಾಯಿತು.

ಖಾಲಿ ಸಾಕೆಟ್‌ನ ಬಾಯಿಯಿಂದ ಗುಬುಟಿನ ನಡುವಿಗೆ 475 ಪಿಕ್ಸೆಲ್, ಅಂದರೆ 38 ಮಿಮೀ. ಎಸ್‌ಎಸ್‌ಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಎಂ.2 ಅಳತೆಗಳು 30, 42, 60, 80 ಮಿಮೀ ಹೀಗೆ ಇವೆ, ಅವುಗಳಲ್ಲಿ 38 ಇಲ್ಲ. ಕಾರಣ ಇಷ್ಟೆ: ಕಾರ್ಡ್‌ನ ಪಿನ್ ಇರುವ ತುದಿ ಸುಮಾರು 4 ಮಿಮೀ ಸಾಕೆಟ್ ಒಳಗೆ ಹೋಗುತ್ತದೆ, ಫೋಟೋದಲ್ಲಿ ಅದು ಕಾಣುವುದಿಲ್ಲ. 38ಕ್ಕೆ 4 ಸೇರಿಸಿದರೆ 42. ಇದು 2242 ಅಳತೆಯ ಸ್ಲಾಟ್, ಅಂದರೆ 22 ಮಿಮೀ ಅಗಲ, 42 ಮಿಮೀ ಉದ್ದ. ಅಂಗಡಿಯಲ್ಲಿ ಮಾಮೂಲಿಯಾಗಿ ಸಿಗುವ 80 ಮಿಮೀ ಎಸ್‌ಎಸ್‌ಡಿಗೆ ಇಲ್ಲಿ ಜಾಗವಿಲ್ಲ. ಒಂದೆರಡು ಮಿಮೀ ತಪ್ಪಿದರೂ ಚಿಂತೆಯಿಲ್ಲ, ಈ ಸಾಮಾನ್ಯ ಅಳತೆಗಳ ನಡುವೆ 12 ಮಿಮೀಗಿಂತ ಕಡಿಮೆ ಅಂತರ ಎಲ್ಲೂ ಇಲ್ಲ.

ಈ ಸ್ಲಾಟನ್ನು ಇಟ್ಟಿರುವುದು ಸಿಮ್ ಹಾಕುವ ಮೊಬೈಲ್ ಡೇಟಾ ಕಾರ್ಡ್‌ಗೆ. ಆ ಕಾರ್ಡ್‌ಗೆಂದು ಆಂಟೆನಾ ಹಾಕಿಸಿದ ಯಂತ್ರಗಳಲ್ಲಿ ಪಕ್ಕದಲ್ಲೇ ಒಂದು ಕೆಂಪು ಅಥವಾ ಕಿತ್ತಳೆ, ಒಂದು ನೀಲಿ ವೈರು ತುದಿಗೆ ಪ್ಲಾಸ್ಟಿಕ್ ತೊಟ್ಟು ಸುಮ್ಮನೆ ಬಿದ್ದಿರುತ್ತವೆ. ಟಿ480ರಲ್ಲಿ ಇದೇ ಸ್ಲಾಟ್‌ಗೆ ಎಸ್‌ಎಸ್‌ಡಿ ಕೂಡ ಹಾಕಬಹುದು. ಎಲ್ಲ ಲ್ಯಾಪ್‌ಟಾಪ್‌ನಲ್ಲೂ ಹಾಗಲ್ಲ. ಎಷ್ಟೋ ಮಾಡೆಲ್‌ಗಳಲ್ಲಿ ನೋಡಲು ಇದೇ ಥರದ ಸ್ಲಾಟ್ ಇದ್ದರೂ ಡಿಸ್ಕ್‌ಗೆ ಬೇಕಾದ ತಂತಿಗಳೇ ಬೋರ್ಡ್‌ನಲ್ಲಿ ಎಳೆದಿರುವುದಿಲ್ಲ. ಫೋಟೋದಿಂದ ಇದು ಗೊತ್ತಾಗದು, ಆ ಮಾಡೆಲ್‌ನ ಕೈಪಿಡಿ ನೋಡಲೇಬೇಕು.

ಈಗ ಕಚ್ಚಿನ ವಿಚಾರ. ಎಂ.2 ಸಾಕೆಟ್‌ನಲ್ಲಿ ಒಂದು ಪ್ಲಾಸ್ಟಿಕ್ ತಡೆ ಇರುತ್ತದೆ, ಕಾರ್ಡ್‌ನಲ್ಲಿ ಅದೇ ಜಾಗಕ್ಕೆ ಕಚ್ಚು ಇದ್ದರೆ ಮಾತ್ರ ಒಳಗೆ ಹೋಗುತ್ತದೆ. ಎಸ್‌ಎಸ್‌ಡಿಗಳಲ್ಲಿ ಎರಡು ಬಗೆ ಕಾಣುತ್ತೇವೆ. ಒಂದೇ ಕಚ್ಚು, ಅದರಾಚೆ ಉಳಿದ ಸಣ್ಣ ತುಂಡಿನಲ್ಲಿ ಮೇಲ್ಮೈಗೆ 5 ಪಿನ್: ಇದು ಎಂ ಕೀ. ಎರಡು ಕಚ್ಚು, ಒಂದು ಕಡೆ ತುಂಡಿನಲ್ಲಿ 5 ಪಿನ್, ಇನ್ನೊಂದು ಕಡೆ 6: ಇದು ಬಿ ಮತ್ತು ಎಂ ಎರಡೂ. ಟಿ480ರ ಈ ಖಾಲಿ ಸ್ಲಾಟ್ ಬಿ ಕೀ. ಆದ್ದರಿಂದ ಒಂದೇ ಕಚ್ಚಿನ ಎಂ ಕೀ ಡಿಸ್ಕ್ ಇದಕ್ಕೆ ತೂರುವುದೇ ಇಲ್ಲ, ಎರಡು ಕಚ್ಚಿನದೇ ಬೇಕು.

ಮಾಲೀಕರು ಕೊಂಡಿದ್ದದ್ದು 42 ಮಿಮೀ, ಎರಡು ಕಚ್ಚಿನದು. ಅಳತೆ ಸರಿ, ಕಚ್ಚು ಸರಿ. ಆದರೂ ಕಾಣಲಿಲ್ಲ. ಅವರ ಡಿಸ್ಕ್‌ನ ಚೀಟಿಯ ಫೋಟೋ ತರಿಸಿದಾಗ ಉತ್ತರ ಅಲ್ಲೇ ಇತ್ತು: `SATA 6Gb/s`. ಎಂ.2 ಎಂಬುದು ಆಕಾರದ ಹೆಸರು ಮಾತ್ರ. ಅದೇ ಆಕಾರದಲ್ಲಿ ಸಾಟಾ ಡಿಸ್ಕ್‌ಗಳೂ ಬರುತ್ತವೆ, ಪಿಸಿಐಇ ಎಂಬ ಬೇರೆ ಹಾದಿಯಲ್ಲಿ ಮಾತಾಡುವ ಎನ್‌ವಿಎಂಇ ಡಿಸ್ಕ್‌ಗಳೂ ಬರುತ್ತವೆ. ಟಿ480ರ ಈ ಸ್ಲಾಟ್‌ಗೆ ಎಳೆದಿರುವುದು ಪಿಸಿಐಇ ತಂತಿ. ಇಲ್ಲಿ ಎನ್‌ವಿಎಂಇ ಮಾತ್ರ ನಡೆಯುತ್ತದೆ. ಸಾಟಾ ಡಿಸ್ಕ್ ಕೂರುತ್ತದೆ, ಕರೆಂಟನ್ನೂ ಪಡೆಯುತ್ತದೆ, ಮಾತಾಡಲು ಮಾತ್ರ ದಾರಿಯಿಲ್ಲ.

ಎರಡು ಕಚ್ಚಿದ್ದರೆ ಸಾಟಾ, ಒಂದಿದ್ದರೆ ಎನ್‌ವಿಎಂಇ ಎಂಬ ಸೂತ್ರ ಬಹಳ ಕಡೆ ಕೇಳಿಬರುತ್ತದೆ. 80 ಮಿಮೀ ಡಿಸ್ಕ್‌ಗಳಲ್ಲಿ ಅದು ಬಹುಮಟ್ಟಿಗೆ ನಿಜ. 42 ಮಿಮೀ ಲೋಕದಲ್ಲಿ ಆ ಸೂತ್ರ ಹಿಡಿದರೆ ಕೈಸುಟ್ಟುಕೊಳ್ಳುತ್ತೇವೆ, ಏಕೆಂದರೆ ಎರಡು ಕಚ್ಚಿದ್ದೂ ಎನ್‌ವಿಎಂಇ ಆಗಿರುವ ಡಿಸ್ಕ್‌ಗಳು ಇವೆ, ನಮಗೆ ಬೇಕಾದದ್ದೂ ಅಂಥದ್ದೇ. ಚೀಟಿಯಲ್ಲಿ `NVMe` ಅಥವಾ `PCIe` ಎಂದು ಬರೆದಿರಬೇಕು. ಬರೆದಿಲ್ಲದಿದ್ದರೆ ಚೀಟಿಯಲ್ಲಿರುವ ಮಾಡೆಲ್ ಸಂಖ್ಯೆ ಹುಡುಕಿ ನೋಡಬೇಕು, ಅಂಗಡಿಯವರ ಬಾಯಿಮಾತು ಸಾಲದು.

ಹಳೆಯ ಯಂತ್ರಗಳ ಫೋಟೋ ಬಂದರೆ ಇನ್ನೊಂದು ಸ್ಲಾಟ್ ಕಾಣಬಹುದು, ಅಗಲ 30 ಮಿಮೀ. ಅದು ಮಿನಿ ಪಿಸಿಐಇ. ಎಂಸಾಟಾ ಡಿಸ್ಕ್‌ನದೂ ಅದೇ ಆಕಾರ. ಅದು ಯಾವುದಕ್ಕೆಂದು ನೋಡಿ ಹೇಳಲು ಬರುವುದಿಲ್ಲ, ಅಲ್ಲೂ ಕೈಪಿಡಿಯೇ ಗತಿ.

ಹಂತ 7: ಕೊಂಡದ್ದು

ಎರಡು ದಾರಿ ಇದ್ದವು. ಹಾರ್ಡ್ ಡಿಸ್ಕ್ ತೆಗೆದು ಅದರ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕುವುದು ಅತಿ ಸುಲಭ, ಭಾಗವೂ ಎಲ್ಲ ಊರಲ್ಲಿ ಸಿಗುತ್ತದೆ. ಹಾರ್ಡ್ ಡಿಸ್ಕ್ ಉಳಿಸಿಕೊಳ್ಳಬೇಕೆಂಬ ಹಟ ಇಲ್ಲದವರಿಗೆ ಅದನ್ನೇ ಹೇಳುವುದು. ಇಲ್ಲಿ ಎರಡೂ ಬೇಕಿದ್ದರಿಂದ ಖಾಲಿ ಸ್ಲಾಟ್‌ಗೆ 2242 ಎನ್‌ವಿಎಂಇ.

ಖರ್ಚು: ಬಳಸಿದ 8 ಜಿಬಿ ಡಿಡಿಆರ್4 ಕಡ್ಡಿ ₹1,400. ಬಳಸಿದ 256 ಜಿಬಿ, 2242 ಎನ್‌ವಿಎಂಇ, ಎರಡು ಕಚ್ಚಿನದು ₹2,200. ಸ್ಕ್ರೂಡ್ರೈವರ್ ₹120. 2 ಮಿಮೀ ದಪ್ಪ, 3 ಮಿಮೀ ಉದ್ದದ ಎಂ2 ಸ್ಕ್ರೂಗಳ ಪೊಟ್ಟಣ ₹60. ರ‍್ಯಾಮ್ ಬೆಲೆ ಏರಿಳಿಯುವ ಸರಕು, ಈ ಅಂಕಿ ಹಿಡಿದು ಚೌಕಾಸಿಗೆ ಇಳಿಯಬೇಡಿ.

ಕೆಲಸಕ್ಕೆ ಬಾರದ ಎಂ.2 ಸಾಟಾ ಡಿಸ್ಕನ್ನು ಎಸೆಯಬೇಕಿಲ್ಲ. ಎಂ.2 ಸಾಟಾಕ್ಕೆಂದು ಸಿಗುವ ಯುಎಸ್‌ಬಿ ಡಬ್ಬಿಗೆ ಹಾಕಿದರೆ ಬ್ಯಾಕಪ್‌ಗೆ ಆಗುತ್ತದೆ. ಡಬ್ಬಿ ಕೊಳ್ಳುವಾಗಲೂ ಸಾಟಾದ್ದೇ ಎಂದು ಕೇಳಿ ಕೊಳ್ಳಬೇಕು, ಎನ್‌ವಿಎಂಇ ಮಾತ್ರ ಹಿಡಿಯುವ ಡಬ್ಬಿಯಲ್ಲಿ ಇದೇ ಕತೆ ತಿರುಗಾ ನಡೆಯುತ್ತದೆ.

ಹಂತ 8: ಕೂರಿಸುವುದು

ರ‍್ಯಾಮ್ ಕಡ್ಡಿಯನ್ನು ಸುಮಾರು 30 ಡಿಗ್ರಿ ಓರೆಯಲ್ಲಿ ಹಿಡಿದು, ಕಚ್ಚು ಸರಿಹೊಂದಿಸಿ, ಪೂರ್ತಿ ಒಳಗೆ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಬೇಕು. ತೋಳುಗಳು ಎರಡು ಕಡೆಯೂ ಟಕ್ ಎಂದು ಹಿಡಿಯಬೇಕು. ಚಿನ್ನದ ಬಣ್ಣದ ಅಂಚು ದಪ್ಪ ಗೆರೆಯಾಗಿ ಇನ್ನೂ ಕಾಣುತ್ತಿದ್ದರೆ ಕಡ್ಡಿ ಪೂರ್ತಿ ಹೋಗಿಲ್ಲ. ಮೊದಲ ಸಲ ಮಾಲೀಕರು ಕಳಿಸಿದ ಫೋಟೋದಲ್ಲಿ ಒಂದು ತುದಿಯಲ್ಲಿ ಗೆರೆ ತೆಳು, ಇನ್ನೊಂದು ತುದಿಯಲ್ಲಿ ದಪ್ಪ. ಕಡ್ಡಿ ಸೊಟ್ಟಗೆ ಕೂತಿತ್ತು. ತೋಳು ಬಿಡಿಸಿ ಮತ್ತೆ ತಳ್ಳಿದಾಗ ಸರಿಯಾಯಿತು. ಹಾಗೇ ಆನ್ ಮಾಡಿದ್ದರೆ ಹೊಸ ಕಡ್ಡಿ ಲೆಕ್ಕಕ್ಕೆ ಬರುತ್ತಿರಲಿಲ್ಲ, ಇಲ್ಲವೇ ಪರದೆಯೇ ಬೆಳಗುತ್ತಿರಲಿಲ್ಲ.

ಎಸ್‌ಎಸ್‌ಡಿಯೂ ಓರೆಯಾಗಿಯೇ ಹೋಗಬೇಕು. ಸ್ಕ್ರೂ ಹಾಕುವ ಮುಂಚೆ ಅದರ ಬಾಲ ಸ್ಪ್ರಿಂಗ್ ಹಾಕಿದಂತೆ ಮೇಲೆದ್ದು ನಿಲ್ಲುವುದು ಸಹಜ. ಖಾಲಿ ಸ್ಲಾಟ್‌ನ ಗುಬುಟಿನಲ್ಲಿ ಎಷ್ಟೋ ಸಲ ಸ್ಕ್ರೂ ಇರುವುದೇ ಇಲ್ಲ, ಸೆಕೆಂಡ್ ಹ್ಯಾಂಡ್ ಯಂತ್ರಗಳಲ್ಲಂತೂ ಕೇಳಬೇಡಿ. ಅದಕ್ಕೇ ಆ ₹60ರ ಪೊಟ್ಟಣ. ಕೈಗೆ ಸಿಕ್ಕ ಉದ್ದದ ಸ್ಕ್ರೂ ತಿರುಗಿಸಿದರೆ ಅದು ಗುಬುಟಿನ ಆಚೆ ಕೊರೆದು ಕೀಬೋರ್ಡ್‌ಗೆ ಚುಚ್ಚಬಹುದು. ಟೇಪ್ ಅಂಟಿಸಿದರೆ ಬಿಸಿಗೆ ಅಂಟು ಕರಗಿ ಬಾಲ ಮತ್ತೆ ಏಳುತ್ತದೆ. ಸಡಿಲ ಬಿದ್ದಿದ್ದ ಆಂಟೆನಾ ವೈರುಗಳು ಡಿಸ್ಕ್ ಅಡಿಗೆ ಸಿಕ್ಕಿಕೊಳ್ಳದಂತೆ ಪಕ್ಕಕ್ಕೆ ಸರಿಸಿ ಇಡಬೇಕು.

ಹಂತ 9: ಫೋಟೋ ಹೇಳಿದ್ದು ನಿಜವೇ ಎಂದು ನೋಡುವುದು

ಮುಚ್ಚಳವನ್ನು ಇನ್ನೂ ಸ್ಕ್ರೂ ಹಾಕದೆ ಹಾಗೇ ಮುಚ್ಚಿ, ಚಾರ್ಜರ್ ಸಿಕ್ಕಿಸಿ, ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಡಿಸ್ಕ್‌ಗಳನ್ನು ಕೇಳಿದ್ದು:

```
lsblk -d -o NAME,SIZE,TRAN,ROTA
```

ಬಂದ ಉತ್ತರದಲ್ಲಿ ಪೆನ್‌ಡ್ರೈವ್ ಮತ್ತು `loop` ಸಾಲುಗಳನ್ನು ಬಿಟ್ಟರೆ ಉಳಿದದ್ದು:

```
NAME      SIZE TRAN ROTA
sda     465.8G sata    1
nvme0n1 238.5G nvme    0
```

ಕೊನೆಯ ಕಾಲಂನಲ್ಲಿ 1 ಇದ್ದರೆ ತಿರುಗುವ ಡಿಸ್ಕ್, 0 ಇದ್ದರೆ ಎಸ್‌ಎಸ್‌ಡಿ. 500 ಜಿಬಿ 465.8 ಆಗಿ ಕಾಣುವುದು ಎಣಿಸುವ ಲೆಕ್ಕ ಬೇರೆಯಾದ್ದರಿಂದ, ಯಾರೂ ಮೋಸ ಮಾಡಿಲ್ಲ.

ವಿಂಡೋಸ್‌ನಲ್ಲಾದರೆ ಪವರ್‌ಶೆಲ್ ತೆರೆದು:

```
Get-PhysicalDisk | Select FriendlyName,MediaType,BusType
```

ರ‍್ಯಾಮ್‌ಗೆ:

```
sudo dmidecode -t memory | grep -E "Locator|Size|Speed"
```

ಇಲ್ಲಿ ಎರಡು ಚಾನೆಲ್‌ಗೂ 8 ಜಿಬಿ, 2400 ಎಂದು ಬರಬೇಕು, ಬಂತು. ರ‍್ಯಾಮ್ ಬದಲಿಸಿದ ಮೇಲಿನ ಮೊದಲ ಬೂಟ್‌ನಲ್ಲಿ ಪರದೆ ಮಾಮೂಲಿಗಿಂತ ಹೆಚ್ಚು ಹೊತ್ತು ಕಪ್ಪಾಗಿಯೇ ಇರುವುದುಂಟು. ಯಂತ್ರ ಹೊಸ ಕಡ್ಡಿಯನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತಿರುತ್ತದೆ. ಗಾಬರಿಯಲ್ಲಿ ಬಟನ್ ಒತ್ತಿ ಹಿಡಿಯದೆ ಒಂದು ನಿಮಿಷ ಬಿಡಬೇಕು.

ಎಸ್‌ಎಸ್‌ಡಿ ವೇಗ ಸೆಕೆಂಡಿಗೆ ಸುಮಾರು 1,600 ಎಂಬಿ ಬಂತು. ಡಿಸ್ಕ್ ಕೆಟ್ಟದ್ದಲ್ಲ, ಈ ಸ್ಲಾಟ್‌ಗೆ ಇರುವುದೇ ಪಿಸಿಐಇಯ ಎರಡು ಲೇನ್. ದುಬಾರಿ ಡಿಸ್ಕ್ ಹಾಕಿದರೂ ಇಲ್ಲಿ ಅದಕ್ಕಿಂತ ಹೆಚ್ಚು ದಕ್ಕುವುದಿಲ್ಲ.

ಎಲ್ಲ ಸರಿಯಿದೆಯೆಂದ ಮೇಲೆ ಯಂತ್ರ ಆಫ್ ಮಾಡಿ ಸ್ಕ್ರೂ ಬಿಗಿ. ಹೊಸ ಡಿಸ್ಕ್‌ಗೆ ಆಪರೇಟಿಂಗ್ ಸಿಸ್ಟಂ ಹಾಕಿ, ಬಯೋಸ್‌ನ `Startup` ಒಳಗೆ `Boot` ಪಟ್ಟಿಯಲ್ಲಿ ಅದನ್ನು ಹಾರ್ಡ್ ಡಿಸ್ಕ್‌ಗಿಂತ ಮೇಲೆ ತಂದು ನಿಲ್ಲಿಸಿದ್ದಾಯಿತು. ಒಳ ಬ್ಯಾಟರಿಯನ್ನು ಬಯೋಸ್‌ನಲ್ಲಿ ಆಫ್ ಮಾಡಿದ್ದರಿಂದ, ಮುಚ್ಚಳ ತೆಗೆದ ಮೇಲೆ ಮೊದಲ ಸಲ ಚಾರ್ಜರ್ ಸಿಕ್ಕಿಸಿಯೇ ಆನ್ ಮಾಡಬೇಕು. ಚಾರ್ಜರ್ ತಾಗಿದ ಕೂಡಲೇ ಒಳ ಬ್ಯಾಟರಿ ತಾನಾಗಿ ಮತ್ತೆ ಜೋಡಣೆಗೆ ಬರುತ್ತದೆ. ಚಾರ್ಜರ್ ಇಲ್ಲದೆ ಬಟನ್ ಒತ್ತಿ, ಏನೂ ಆಗದೆ, ಬೋರ್ಡ್ ಸುಟ್ಟಿತೆಂದು ಫೋನ್ ಮಾಡುವವರು ಇದ್ದಾರೆ.